47,200 ರೂಪಾಯಿ ಯಾರಿಗೆ, ಯಾಕೆ?

ಆಡಿಟರ್ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಮೂರು ಸಾಲು ದಾಟುವುದಿಲ್ಲ. "12-6-2024ರಂದು ಸಂಘದ ಬ್ಯಾಂಕ್ ಖಾತೆಯಿಂದ ರೂ. 47,200 ಪಾವತಿಯಾಗಿದ್ದು, 'ಇತರೆ ಮುಂಗಡ' ಶೀರ್ಷಿಕೆಯಲ್ಲಿ ಉಳಿದಿದೆ. ವೋಚರ್, ಬಿಲ್ ಹಾಜರುಪಡಿಸಿಲ್ಲ. ವಿವರಣೆ ನೀಡಿ." ಇಷ್ಟೇ. ಓದಿದವರಿಗೆ ಮಾತ್ರ ಯಾರೋ ಕೊರಳಪಟ್ಟಿಗೆ ಕೈ ಹಾಕಿದಂತಾಗುತ್ತದೆ. ಆ ಬಿಸಿಯಲ್ಲೇ ಉತ್ತರ ಬರೆಯಲು ಕೂತರೆ ಅದು ಒಂದೋ ಜಗಳವಾಗುತ್ತದೆ, ಇಲ್ಲವೇ ಕ್ಷಮಾಪಣೆಯಾಗುತ್ತದೆ. ಕೇಳಿದ್ದು ಎರಡೂ ಅಲ್ಲ. ದುಡ್ಡು ಯಾರಿಗೆ ಹೋಯಿತು, ಯಾವುದಕ್ಕೆ ಹೋಯಿತು, ಯಾರ ಒಪ್ಪಿಗೆಯಿಂದ ಹೋಯಿತು, ಲೆಕ್ಕದಲ್ಲಿ ಅದು ಎಲ್ಲಿ ಕೂರಬೇಕು ಎಂಬ ನಾಲ್ಕು ಸಂಗತಿಗಳನ್ನು ಮಾತ್ರ.

ಉದಾಹರಣೆಗೆ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನೇ ಇಟ್ಟುಕೊಳ್ಳೋಣ. ಪಾವತಿ ನಡೆದಾಗ ಇದ್ದ ಕಾರ್ಯದರ್ಶಿ ಈಗಿಲ್ಲ, ಹೊಸಬರು ಬಂದಿದ್ದಾರೆ. 2025ರ ಜುಲೈಯಲ್ಲಿ ಹಿಂದಿನ ವರ್ಷದ ಲೆಕ್ಕದ ಆಡಿಟ್ ನಡೆಯುತ್ತಿದೆ, ಮೇಲಿನ ಪ್ರಶ್ನೆ ಅವರ ಮೇಜಿಗೆ ಬಂದಿದೆ. ಬರೆಯಬೇಕಾದವರಿಗೆ ಆ ಪಾವತಿಯ ಬಗ್ಗೆ ಸ್ವಂತ ಅರಿವು ಸೊನ್ನೆ. ಒಂದು ರೀತಿಯಲ್ಲಿ ಇದು ಅನುಕೂಲವೇ. ನೆನಪಿನಿಂದ ಬರೆಯುವ ಆಸೆ ಹುಟ್ಟುವುದಿಲ್ಲ.

ಪೆನ್ನು ಹಿಡಿಯುವ ಮೊದಲು ಕಾಗದ ಹುಡುಕಬೇಕು. ಶುರು ಮಾಡಬೇಕಾದದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ, ಯಾಕೆಂದರೆ ಅದು ಸಂಘದವರು ಬರೆದದ್ದಲ್ಲ. ಆ ದಿನದ ಸಾಲಿನಲ್ಲಿ ನೆಫ್ಟ್ ಸಂಖ್ಯೆಯೂ ಹಣ ಪಡೆದವರ ಹೆಸರಿನ ತುಣುಕೂ ಇರುತ್ತದೆ. ಬ್ಯಾಂಕಿನಲ್ಲಿ ಕೇಳಿದರೆ ಇಬ್ಬರ ಜಂಟಿ ಸಹಿ ಇರುವ ಪಾವತಿ ಅರ್ಜಿಯ ಪ್ರತಿಯೂ ಸಿಗಬಹುದು. ಇಷ್ಟಾದರೆ 'ಯಾರಿಗೆ' ಎಂಬುದು ಇತ್ಯರ್ಥ.

'ಯಾಕೆ' ಎಂಬುದಕ್ಕೆ ಮೊತ್ತವೇ ಒಂದು ಸುಳಿವು ಕೊಡುತ್ತದೆ. ಗುಂಡಾಗಿಲ್ಲದ ಅಂಕಿ ಕಂಡರೆ ಪಳಗಿದ ಲೆಕ್ಕಿಗರು ಅದನ್ನು 1.18ರಿಂದ ಭಾಗಿಸಿ ನೋಡುತ್ತಾರೆ. 47,200ನ್ನು ಹಾಗೆ ಭಾಗಿಸಿದರೆ ಸರಿಯಾಗಿ 40,000 ಬರುತ್ತದೆ. ಅಂದರೆ ಇದು ಶೇ. 18 ಜಿಎಸ್‌ಟಿ ಸೇರಿದ ಯಾವುದೋ ಕೆಲಸದ ದರ ಇರಬೇಕು. ಕೈಸಾಲ, ಹಾಲಿನ ಬಟವಾಡೆ ಇರಲಾರದು. ಹಣ ಪಡೆದವರು ಬಿಎಂಸಿ, ಅಂದರೆ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕಿನ ರಿಪೇರಿಯವರು ಎಂದು ಗೊತ್ತಾದ ಮೇಲೆ ಕಾರ್ಯದರ್ಶಿ ತಾಪಮಾನದ ವಹಿ ತೆಗೆಯುತ್ತಾರೆ. ಹಾಲು ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದ ಕಡೆ ಜೂನ್ 12ರ ಬೆಳಿಗ್ಗೆ 11 ಎಂದು ಬರೆದಿದೆ. ಆಮೇಲಿನ ಎರಡು ದಿನ ಖಾಲಿ. ಅದೇ ದಿನಗಳಲ್ಲಿ ಹಾಲು ಕ್ಯಾನುಗಳಲ್ಲಿ ಪಕ್ಕದೂರಿನ ಟ್ಯಾಂಕಿಗೆ ಹೋದದ್ದು ರವಾನೆ ವಹಿಯಲ್ಲಿದೆ. ಆಡಿಟ್ ಪ್ರಶ್ನೆ ಬರುತ್ತದೆಂದು ಯಾರೂ ಊಹಿಸದ ಕಾಲದಲ್ಲಿ, ಲೆಕ್ಕಕ್ಕೆ ಸಂಬಂಧವಿಲ್ಲದ ಕೈಗಳು ಬರೆದ ಈ ಎರಡು ವಹಿಗಳು ಹತ್ತು ಪುಟದ ವಿವರಣೆಗಿಂತ ಹೆಚ್ಚು ತೂಗುತ್ತವೆ.

ಇನ್ನು ಬಿಲ್. ಕಡತದಲ್ಲಿಲ್ಲ. ರಿಪೇರಿಯವರನ್ನು ಕೇಳಿದರೆ ಅವರ ದಾಖಲೆಯಿಂದ ದೃಢೀಕೃತ ನಕಲು ಕೊಡುತ್ತಾರೆ. ಇಲ್ಲಿ ಕತೆ ತಿರುಗುತ್ತದೆ. ಬಿಲ್ ಇರುವುದು 47,200ಕ್ಕಲ್ಲ, 44,840ಕ್ಕೆ. ದರ 38,000, ಜಿಎಸ್‌ಟಿ 6,840. ಯಂತ್ರ ಕೆಟ್ಟ ದಿನ ಕೊಟೇಷನ್ ನೋಡಿ ಪೂರ್ತಿ ಹಣ ಕೊಟ್ಟಿದ್ದಾರೆ, ಕೆಲಸ ಮುಗಿದಾಗ ಖರ್ಚು ಕಡಿಮೆಯಾಗಿದೆ. ಬಿಲ್ ಬರುವ ಮೊದಲೇ ಕೊಟ್ಟದ್ದರಿಂದ ಅದನ್ನು ಮುಂಗಡವೆಂದು ಬರೆದುಕೊಂಡರು, ಬಿಲ್ ಬಂದ ಮೇಲೆ ಹೊಂದಾಣಿಕೆ ಮಾಡಲಿಲ್ಲ. ವಿವರವಿಲ್ಲದ ಪಾವತಿಗಳಲ್ಲಿ ಈ ಜಾತಿಯವು ಬಹಳ. ಆದರೆ 2,360 ರೂಪಾಯಿ ಹೆಚ್ಚಿಗೆ ಹೋಗಿ ಒಂದು ವರ್ಷವಾದರೂ ವಾಪಸ್ ಬಂದಿಲ್ಲ ಎಂಬುದೂ ಈಗ ಗೊತ್ತಾಗಿದೆ.

ಈ ಘಟ್ಟದಲ್ಲಿ ಎರಡು ಆಮಿಷಗಳು. ಮೊದಲನೆಯದು, 2,360ರ ಸುದ್ದಿ ಎತ್ತದೆ "ರಿಪೇರಿಗೆ ಪಾವತಿಸಲಾಗಿದೆ, ಬಿಲ್ ಲಗತ್ತಿಸಿದೆ" ಎಂದು ಬರೆದು ಕೈತೊಳೆದುಕೊಳ್ಳುವುದು. ಬಿಲ್ಲಿನ ಮೊತ್ತವನ್ನು ಪಾವತಿಯ ಪಕ್ಕ ಇಟ್ಟು ನೋಡುವುದೇ ಆಡಿಟರ್ ಕೆಲಸ. ವ್ಯತ್ಯಾಸ ಅವರ ಕಣ್ಣಿಗೆ ಬಿದ್ದರೆ ಉಳಿದ 44,840ರ ಮಾತೂ ಅನುಮಾನಕ್ಕೆ ಈಡಾಗುತ್ತದೆ. ಎರಡನೆಯದು ಇನ್ನೂ ಅಪಾಯದ್ದು: ಇವತ್ತು ಕೂತು ಹಳೆಯ ತಾರೀಖಿನ ವೋಚರ್ ಬರೆಯುವುದು, ನಡಾವಳಿ ಪುಸ್ತಕದ ಖಾಲಿ ಜಾಗದಲ್ಲಿ ಒಂದು ನಿರ್ಣಯ ತುರುಕುವುದು. ಹೊರಗಿನವರಿಗೆ ಇದು ಸಣ್ಣ ಜಾಣತನದಂತೆ ಕಾಣಬಹುದು. ಆಡಿಟರ್‌ಗೆ 211 ಮತ್ತು 212ರ ನಡುವೆ ಹುಟ್ಟಿದ '211-ಎ' ಕಾಣುತ್ತದೆ, ಅಕ್ಕಪಕ್ಕದ ನಿರ್ಣಯಗಳಿಗಿಂತ ಇಕ್ಕಟ್ಟಾದ ಬರಹ ಕಾಣುತ್ತದೆ. ಬಿಲ್ಲಿನ ಜಿಎಸ್‌ಟಿ ಸಂಖ್ಯೆ ಯಾವಾಗ ನೋಂದಣಿಯಾಯಿತು, ಈಗ ಚಾಲ್ತಿಯಲ್ಲಿದೆಯೇ ಎಂಬುದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಕಂಪನಿಗಳ ವಿಷಯಕ್ಕೆ ಬಂದರೆ, 2023ರ ಏಪ್ರಿಲ್ 1ರಿಂದ ಅವುಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ತಾರೀಖನ್ನೂ ದಾಖಲಿಸಲೇಬೇಕು. ಕಾಗದ ಕಳೆದದ್ದು ಲೋಪ. ಸೃಷ್ಟಿಸಿದ ಕಾಗದ ಬೇರೆಯದೇ ಪ್ರಕರಣ.

ಹೊಸ ಕಾಗದಕ್ಕೆ ಇವತ್ತಿನ ತಾರೀಖು ಇರಲಿ, ಅದು ಯಾಕೆ ಈಗ ಹುಟ್ಟಿತು ಎಂಬುದು ಅದರಲ್ಲೇ ಇರಲಿ. ಆಗ ಉತ್ತರ ಹೀಗೆ ಮೂಡಬಹುದು:

"ವಿಷಯ: 2024-25ನೇ ಸಾಲಿನ ಪರಿಶೋಧನಾ ಪ್ರಶ್ನೆ ಸಂಖ್ಯೆ 7ಕ್ಕೆ ಉತ್ತರ.

1. 12-6-2024ರಂದು ಸಂಘದ ಬ್ಯಾಂಕ್ ಖಾತೆಯಿಂದ ನೆಫ್ಟ್ ಮೂಲಕ ರೂ. 47,200 ಬಿಎಂಸಿ ರಿಪೇರಿ ಸಂಸ್ಥೆಗೆ ಪಾವತಿಯಾಗಿದೆ. ಪಾವತಿ ಅರ್ಜಿಗೆ ಆಗಿನ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಸಹಿ ಮಾಡಿದ್ದಾರೆ. (ಲಗತ್ತು 1, 2)

2. ಈ ಮೊತ್ತವು ಸದರಿ ಸಂಸ್ಥೆಯ 12-6-2024ರ ಕೊಟೇಷನ್ ಮೊತ್ತಕ್ಕೆ ತಾಳೆಯಾಗುತ್ತದೆ. (ಲಗತ್ತು 3)

3. ಸಂಸ್ಥೆಯು 15-6-2024ರಂದು ನೀಡಿದ ಬಿಲ್ಲಿನ ಮೊತ್ತ ರೂ. 44,840. ಮೂಲ ಬಿಲ್ ಸಂಘದ ಕಡತದಲ್ಲಿ ಕಂಡುಬಂದಿಲ್ಲ. 9-7-2025ರಂದು ಸಂಸ್ಥೆಯಿಂದ ಪಡೆದ ದೃಢೀಕೃತ ನಕಲು ಲಗತ್ತಿಸಿದೆ. (ಲಗತ್ತು 4)

4. 12ರಿಂದ 14-6-2024ರವರೆಗಿನ ತಾಪಮಾನ ವಹಿ ಮತ್ತು ಹಾಲು ರವಾನೆ ವಹಿಯ ಪುಟಗಳ ನಕಲು ಲಗತ್ತಿಸಿದೆ. (ಲಗತ್ತು 5)

5. ಪಾವತಿಯ ವೋಚರ್ ಹಾಗೂ ಆಡಳಿತ ಮಂಡಳಿಯ ನಿರ್ಣಯ ಕಂಡುಬಂದಿಲ್ಲ. ತುರ್ತಾಗಿ ಪಾವತಿಸಿ ನಂತರ ಮಂಡಳಿಯ ಮುಂದೆ ಇಡುವ ಉದ್ದೇಶವಿತ್ತೆಂದು ಹಿಂದಿನ ಕಾರ್ಯದರ್ಶಿ ಲಿಖಿತವಾಗಿ ತಿಳಿಸಿದ್ದಾರೆ. (ಲಗತ್ತು 6) ಇದನ್ನು ಸಮರ್ಥಿಸುವ ಬೇರೆ ದಾಖಲೆ ಸಂಘದಲ್ಲಿ ಕಂಡುಬಂದಿಲ್ಲ.

6. ಹೆಚ್ಚು ಪಾವತಿಯಾದ ರೂ. 2,360 ಹಿಂದಿರುಗಿಸುವಂತೆ ನಾನು 10-7-2025ರಂದು ಸಂಸ್ಥೆಗೆ ಪತ್ರ ಬರೆದಿದ್ದೇನೆ. (ಲಗತ್ತು 7) ರೂ. 44,840ನ್ನು ರಿಪೇರಿ ವೆಚ್ಚಕ್ಕೆ ವರ್ಗಾಯಿಸುವ ನಮೂದಿನ ಕರಡು ತಮ್ಮ ಪರಿಶೀಲನೆಗೆ ಇದೆ. ಘಟನೋತ್ತರ ಮಂಜೂರಾತಿಯ ವಿಷಯ 25-7-2025ರ ಸಭೆಯ ಕಾರ್ಯಸೂಚಿಯಲ್ಲಿದೆ."

ಇದರಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ಗಮನಿಸಬೇಕು. 'ಸದುದ್ದೇಶದಿಂದ' ಎಂಬ ಮಾತಿಲ್ಲ. ಇನ್ನೊಬ್ಬರ ಉದ್ದೇಶ ಬರೆಯುವವರಿಗೆ ಗೊತ್ತಿಲ್ಲ. 'ಕಣ್ತಪ್ಪಿನಿಂದ' ಇಲ್ಲ, ಅದೂ ಒಂದು ತೀರ್ಪೇ. ಹಿಂದಿನವರ ನಿರ್ಲಕ್ಷ್ಯ ಎಂಬ ದೂರೂ ಇಲ್ಲ. ಐದನೇ ಅಂಶದಲ್ಲಿ 'ನಿರ್ಣಯ ಆಗಿಲ್ಲ' ಎಂದಿಲ್ಲ, 'ಕಂಡುಬಂದಿಲ್ಲ' ಎಂದಿದೆ. ನಾಳೆ ಯಾವುದೋ ಬೀರುವಿನ ಮೂಲೆಯಿಂದ ಹಾಳೆ ಸಿಕ್ಕರೂ ಪತ್ರ ಸುಳ್ಳಾಗುವುದಿಲ್ಲ. ನಾಲ್ಕನೇ ಅಂಶ 'ಆದ್ದರಿಂದ ಯಂತ್ರ ಕೆಟ್ಟಿತ್ತು' ಎಂದು ತೀರ್ಮಾನಕ್ಕೆ ಹಾರದೆ ವಹಿಯ ಪುಟ ಮುಂದಿಟ್ಟು ಸುಮ್ಮನಾಗುತ್ತದೆ. ತೀರ್ಮಾನ ಓದುವವರಿಗೆ ಬಿಟ್ಟದ್ದು.

ನಮ್ಮ ಕಚೇರಿಗಳ ಬರವಣಿಗೆಗೆ 'ಲಾಗಿದೆ' ಎಂಬ ಚಟ ಅಂಟಿದೆ. 'ಪಾವತಿಸಲಾಗಿದೆ', 'ಅನುಮೋದಿಸಲಾಗಿದೆ', 'ಕ್ರಮ ಕೈಗೊಳ್ಳಲಾಗಿದೆ'. ಯಾರು ಎಂಬುದು ಎಲ್ಲೂ ಇರುವುದಿಲ್ಲ. ಪಾವತಿಯ ಪ್ರಶ್ನೆಯಲ್ಲಿ ಆ 'ಯಾರು' ಎಂಬುದೇ ಅರ್ಧ ಉತ್ತರ. ಸಹಿ ಮಾಡಿದವರು, ಪತ್ರ ಬರೆದವರು ಯಾರೆಂದು ಹುದ್ದೆಯೊಂದಿಗೆ ಹೇಳಿದರೆ ಯಾರ ಮೇಲೂ ಗೂಬೆ ಕೂರಿಸಿದಂತಾಗುವುದಿಲ್ಲ. ನನಗೆ ಕೇಳಿದರೆ, ಮರೆಮಾಚಿದ ಕರ್ತೃವೇ ಹೆಚ್ಚು ಗುಮಾನಿ ಹುಟ್ಟಿಸುತ್ತಾನೆ.

ಹಿಂದಿನ ಕಾರ್ಯದರ್ಶಿಯ ಹೇಳಿಕೆಯನ್ನು ಲಗತ್ತಿಸಿಯೂ ಅದಕ್ಕೆ ಬೆಂಬಲವಿಲ್ಲ ಎಂದು ಬರೆದದ್ದು ಕೆಲವರಿಗೆ ಅತಿಯೆನಿಸಬಹುದು. ಆದರೆ ಆಡಿಟರ್‌ಗಳು ಪಾಲಿಸುವ ಮಾನದಂಡಗಳಲ್ಲಿ 580ನೆಯದು ಇದನ್ನೇ ಹೇಳುತ್ತದೆ. ಆಡಳಿತದವರು ಬರೆದುಕೊಟ್ಟ ಮಾತು ಸಾಕ್ಷ್ಯವೇ ಹೌದು, ಆದರೆ ಅದೊಂದೇ ಸಾಲದು. ಹೊರಗಿನವರಿಂದ ಬಂದ ದೃಢೀಕರಣಕ್ಕೆ ತೂಕ ಹೆಚ್ಚು. ಆದ್ದರಿಂದ ಆಡಿಟರ್ ರಿಪೇರಿ ಸಂಸ್ಥೆಗೇ ನೇರವಾಗಿ ಪತ್ರ ಬರೆದು ಕೇಳಿದರೆ ಬೇಸರಪಡುವ ಅಗತ್ಯವಿಲ್ಲ.

ಇಷ್ಟೆಲ್ಲ ಆದ ಮೇಲೂ ಆಕ್ಷೇಪಣೆ ಪೂರ್ತಿ ಹೋಗದಿರಬಹುದು. ಯಾರಿಗೆ, ಯಾಕೆ ಎಂಬುದಕ್ಕೆ ಉತ್ತರ ಸಿಕ್ಕಿದೆ. ಆ ದಿನ ಒಪ್ಪಿಗೆ ಇತ್ತೇ ಎಂಬುದಕ್ಕೆ ಸಿಕ್ಕಿಲ್ಲ. ಘಟನೋತ್ತರ ಮಂಜೂರಾತಿ ಸಿಕ್ಕರೂ ಅದು ಮುಂಚಿನ ಒಪ್ಪಿಗೆಯಾಗುವುದಿಲ್ಲ. ಹಾಗಾಗಿ ವರದಿಯಲ್ಲಿ "ನಿರ್ಣಯವಿಲ್ಲದೆ ಪಾವತಿ" ಎಂಬ ಒಂದು ಸಾಲು ಉಳಿಯಬಹುದು. ಅದನ್ನು ಅಳಿಸಿಹಾಕಲು ಇನ್ನಷ್ಟು ಪತ್ರ ಬರೆಯುವುದು ದಂಡ. ಆದರೆ ಆ ಸಾಲಿಗೂ "47,200 ದುರುಪಯೋಗದ ಶಂಕೆ" ಎಂಬ ಸಾಲಿಗೂ ಅಜಗಜಾಂತರವಿದೆ. ಸಂಘದ ಹಣಕ್ಕೆ ನಷ್ಟವಾಗಿದೆ ಎಂದಾದರೆ ಹೊಣೆಯಾದವರಿಂದ ವಸೂಲಿ ಮಾಡಲು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 69ನೇ ಪ್ರಕರಣದಲ್ಲಿ ದಾರಿಯಿದೆ. ಪ್ರಶ್ನೆ ಅಲ್ಲಿಯವರೆಗೆ ಬೆಳೆದರೆ 2025ರ ಜುಲೈಯ ಈ ಪತ್ರವೇ ಮೊದಲು ಓದಿಗೆ ಬರುವುದು.

ರಿಪೇರಿ ಸಂಸ್ಥೆ ಹಣ ವಾಪಸ್ ಮಾಡಿದ ದಿನ ಇನ್ನೊಂದು ಸಣ್ಣ ಪತ್ರ ಹೋಗಬೇಕು. ಪ್ರಶ್ನೆ ಸಂಖ್ಯೆ 7, ಹಿಂದಿನ ಉತ್ತರದ ತಾರೀಖು, "ರೂ. 2,360 ಸಂಘದ ಖಾತೆಗೆ ಜಮೆಯಾಗಿದೆ" ಎಂಬ ಸಾಲು, ಅದರ ಹಿಂದೆ ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಪುಟ.