ಕೊನೆಯ ವಾಕ್ಯ ಮೊದಲು: ಒಂದು ನಿಮಿಷದಲ್ಲಿ ಆಶುಭಾಷಣ ಕಟ್ಟುವ ಬಗೆ

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಆಶುಭಾಷಣ ಸ್ಪರ್ಧೆಗೆ ಹೆಸರು ಕೊಡುವವರು ಕಡಿಮೆ, ನೋಡಲು ಕೂರುವವರು ಜಾಸ್ತಿ. ನಿಯಮ ಊರಿನ ಶಾಲೆ, ಕಾಲೇಜುಗಳಲ್ಲಿ ಇದ್ದದ್ದೇ. ಡಬ್ಬಿಯಿಂದ ಒಂದು ಚೀಟಿ ಎತ್ತಬೇಕು, ಒಂದು ನಿಮಿಷ ಯೋಚಿಸಬೇಕು, ಎರಡು ನಿಮಿಷ ಮಾತಾಡಬೇಕು. ಫೋನಿನಲ್ಲಿ ಅಮ್ಮನ ಜೊತೆ ಗಂಟೆಗಟ್ಟಲೆ ಕನ್ನಡ ಮಾತಾಡುವವರೂ ಇಲ್ಲಿ ನಲವತ್ತನೇ ಸೆಕೆಂಡಿಗೆ "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಅಂದು ಇಳಿದುಬಿಡುತ್ತಾರೆ. ಹಾಗೆ ಇಳಿದವರಲ್ಲಿ ಕೆಲವರು "ನನ್ನ ಕನ್ನಡ ಇಷ್ಟೇ" ಎಂದು ತೀರ್ಮಾನಿಸಿ ಮುಂದಿನ ವರ್ಷ ಹೆಸರೇ ಕೊಡುವುದಿಲ್ಲ. ನಮಗೆ ಬೇಜಾರಾಗುವುದು ಇದಕ್ಕೇ. ಏಕೆಂದರೆ ಕೈಕೊಟ್ಟದ್ದು ಅವರ ಕನ್ನಡವಲ್ಲ, ಆ ಒಂದು ನಿಮಿಷವನ್ನು ಬಳಸಿದ ರೀತಿ.

ಚೀಟಿ ನೋಡಿದ ಕೂಡಲೇ ನಾವೆಲ್ಲ ಸಾಮಾನ್ಯವಾಗಿ ಮಾಡುವುದು ಒಂದೇ. ವಿಷಯದ ಬಗ್ಗೆ ಗೊತ್ತಿರುವ ಅಂಶಗಳನ್ನೆಲ್ಲ ಒಟ್ಟುಹಾಕುತ್ತೇವೆ. 'ಕೊಡೆ' ಎಂದು ಬಂದರೆ ಮಳೆ, ಬಿಸಿಲು, ಬಣ್ಣ ಬಣ್ಣದ ಕೊಡೆಗಳು, ಕೊಡೆಯ ಉಪಯೋಗಗಳು. ನಿಮಿಷ ಮುಗಿಯುವಾಗ ಕೈಯಲ್ಲಿ ಆರು ಅಂಶಗಳಿರುತ್ತವೆ, ಅವನ್ನು ಕಟ್ಟುವ ದಾರ ಇರುವುದಿಲ್ಲ. ಪ್ರತಿ ಅಂಶಕ್ಕೂ ಒಂದೊಂದು ವಾಕ್ಯ ಹೇಳಿದರೆ ಅರ್ಧ ನಿಮಿಷಕ್ಕೆ ಎಲ್ಲ ಖಾಲಿ.

ಭಾಷಣ ಕಲಿಸುವ ಕಡೆ ಇದಕ್ಕೊಂದು ಹಳೆಯ ಸೂತ್ರ ಕೊಡುತ್ತಾರೆ: ಹೇಳಬೇಕಾದ ಮಾತು, ಅದಕ್ಕೆ ಕಾರಣ, ಒಂದು ಉದಾಹರಣೆ, ಮತ್ತೆ ಅದೇ ಮಾತು. ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಟೇಬಲ್ ಟಾಪಿಕ್ಸ್ ಎಂಬ ಭಾಗವಿದೆ. ಅಲ್ಲಿ ತಯಾರಿಗೆ ನಿಮಿಷವೂ ಸಿಗುವುದಿಲ್ಲ, ವಿಷಯ ಕೇಳಿದ ಕೂಡಲೇ ಒಂದರಿಂದ ಎರಡು ನಿಮಿಷ ಮಾತಾಡಬೇಕು. ಅಲ್ಲಿಗೆ ಹೋಗುವವರೂ ಈ ಸೂತ್ರ ಬಳಸುತ್ತಾರೆ. ಸೂತ್ರ ಸರಿಯಾಗಿಯೇ ಇದೆ. ಆದರೆ ಅದು ಮಾತಾಡುವ ಕ್ರಮವನ್ನು ಹೇಳುತ್ತದೆ, ಯೋಚಿಸುವ ಕ್ರಮವನ್ನು ಹೇಳುವುದಿಲ್ಲ. ಯೋಚಿಸುವಾಗ ಕೊನೆಯಿಂದ ಹಿಂದಕ್ಕೆ ಬರಬೇಕು. ಚಿಕ್ಕಂದಿನಲ್ಲಿ ಪತ್ರಿಕೆಯ ಮಕ್ಕಳ ಪುಟದಲ್ಲಿ "ಇಲಿಗೆ ದಾರಿ ತೋರಿಸಿ" ಎಂಬ ಆಟ ಆಡಿದವರಿಗೆ ಈ ಉಪಾಯ ಗೊತ್ತು. ರೊಟ್ಟಿಯ ಕಡೆಯಿಂದ ಪೆನ್ಸಿಲ್ ಇಟ್ಟರೆ ದಾರಿ ಬೇಗ ಸಿಗುತ್ತದೆ.

ಅರವತ್ತು ಸೆಕೆಂಡಿನ ಹಂಚಿಕೆ

ಮೊದಲ 10 ಸೆಕೆಂಡಿನಲ್ಲಿ ವಿಷಯವನ್ನು ಒಂದು ಪ್ರಶ್ನೆ ಮಾಡಿಕೊಳ್ಳಿ. 'ಕೊಡೆ' ಎಂಬುದು ಬರೀ ಹೆಸರು, ಅದರ ಬಗ್ಗೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. "ಮುರಿದ ಕೊಡೆಯನ್ನು ಏನು ಮಾಡುತ್ತೇವೆ?" ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಇದೆ.

ಮುಂದಿನ 20 ಸೆಕೆಂಡು ಆ ಉತ್ತರಕ್ಕೆ. ಇದೇ ನಿಮ್ಮ ಕೊನೆಯ ವಾಕ್ಯ. "ರಿಪೇರಿ ಆಗುವ ವಸ್ತುವನ್ನೇ ಕೊಳ್ಳಬೇಕು" ಅಂತಿಟ್ಟುಕೊಳ್ಳಿ. ವಾಕ್ಯ ಸರಿಯಿದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ: ಕೇಳುವವರಲ್ಲಿ ಯಾರಾದರೂ ಇದನ್ನು ಒಪ್ಪದೇ ಇರಬಹುದೇ? "ಕೊಡೆ ತುಂಬಾ ಉಪಯುಕ್ತ" ಎಂಬ ಮಾತಿಗೆ ಯಾರೂ ಬೇಡ ಅನ್ನುವುದಿಲ್ಲ, ಹಾಗಾಗಿ ಅದರ ಪರವಾಗಿ ಎರಡು ನಿಮಿಷ ಹೇಳಲು ಏನೂ ಉಳಿಯುವುದಿಲ್ಲ. ರಿಪೇರಿಯ ಮಾತಿಗೆ "ಹೊಸದೇ ಅಗ್ಗ ಅಲ್ವಾ?" ಎಂದು ಯಾರಾದರೂ ಕೇಳಬಹುದು. ಭಾಷಣಕ್ಕೆ ಕೆಲಸ ಸಿಗುವುದು ಅಲ್ಲಿ.

ಇನ್ನೊಂದು 20 ಸೆಕೆಂಡಿನಲ್ಲಿ ಆ ವಾಕ್ಯಕ್ಕೆ ತಲುಪಿಸುವ ಒಂದೇ ಒಂದು ಘಟನೆ ಹುಡುಕಿ. ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಹೊತ್ತು ಇರುವ ಘಟನೆ. ಎರಡು ಘಟನೆ ನೆನಪಾದರೆ ಚೆನ್ನಾಗಿ ಕಣ್ಣಿಗೆ ಕಟ್ಟಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಿ.

ಉಳಿದ 10 ಸೆಕೆಂಡಿನಲ್ಲಿ ಮೊದಲ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಿ. ಅದು ಘಟನೆಯ ಒಳಗಿನಿಂದಲೇ ಬರಲಿ. "ವೇದಿಕೆಯ ಮೇಲಿರುವ ಗಣ್ಯರೇ, ತೀರ್ಪುಗಾರರೇ, ನನ್ನ ನೆಚ್ಚಿನ ಸ್ನೇಹಿತರೇ, ನನಗೆ ಬಂದಿರುವ ವಿಷಯ ಏನಪ್ಪಾ ಅಂದ್ರೆ" ಎಂದು ಶುರು ಮಾಡಿದರೆ ಸುಮಾರು ಹದಿನೈದು ಸೆಕೆಂಡು ಅಲ್ಲೇ ಹೋಗುತ್ತದೆ. "ಎಲ್ಲರಿಗೂ ನಮಸ್ಕಾರ" ಸಾಕು.

ಎರಡು ನಿಮಿಷ ಅಂದರೆ ಎಷ್ಟು ವಾಕ್ಯ?

ವೇದಿಕೆಯ ಮೇಲೆ ಎರಡು ನಿಮಿಷ ತುಂಬಾ ದೊಡ್ಡದಾಗಿ ಕಾಣುತ್ತದೆ, ಲೆಕ್ಕ ಹಾಕಿದರೆ ಸಣ್ಣದು. ಒಂದು ಚಿಕ್ಕ ವಾಕ್ಯ ಹೇಳಿ, ಉಸಿರು ತೆಗೆದುಕೊಂಡು, ಮುಂದಿನದಕ್ಕೆ ಹೋಗಲು ಆರು ಸೆಕೆಂಡು ಹಿಡಿದರೆ 120 ಸೆಕೆಂಡಿಗೆ 20 ವಾಕ್ಯ. ಅದನ್ನು ಹೀಗೆ ಹಂಚಬಹುದು: ಆರಂಭಕ್ಕೆ 2, ಘಟನೆಗೆ 9, ಕಾರಣಕ್ಕೆ 5, ಇವತ್ತಿನ ಸಂಗತಿಗೆ 3, ಮುಕ್ತಾಯಕ್ಕೆ 1. ಕೊಡೆಯ ಭಾಷಣ ಈ ಲೆಕ್ಕದಲ್ಲಿ ಹೇಗಿರುತ್ತದೆ ನೋಡಿ.

"ನಮ್ಮ ಅಜ್ಜನ ಕೊಡೆಗೆ ಮೂರು ಸಲ ಬಟ್ಟೆ ಬದಲಾಗಿತ್ತು. ಆದರೂ ಅವರಿಗೆ ಅದು ಅದೇ ಕೊಡೆ.

"ಮೇ ತಿಂಗಳ ಕೊನೆಗೆ ಅವರು ಅದನ್ನ ಅಟ್ಟದಿಂದ ಇಳಿಸೋರು. ಬಿಚ್ಚಿದ್ರೆ ಒಂದು ಕಡ್ಡಿ ಮುರಿದಿರೋದು. ನಾನೂ ಅವರ ಜೊತೆ ಸಾಗರದ ಪೇಟೆಗೆ ಹೋಗ್ತಿದ್ದೆ. ಅಲ್ಲಿ ರಸ್ತೆ ಬದೀಲಿ ಕೊಡೆ ರಿಪೇರಿಯವರು ಕೂತಿರೋರು. ಅವರ ಮುಂದೆ ಹಳೇ ಕೊಡೆಗಳ ಕಡ್ಡಿಯ ರಾಶಿ. ಅಳತೆಗೆ ಸರಿಯಾದ ಒಂದನ್ನ ಆರಿಸಿ, ತಂತಿ ಸುತ್ತಿ ಕೂರಿಸೋರು. ಹತ್ತು ನಿಮಿಷದ ಕೆಲಸ. ಅಜ್ಜ ಅಲ್ಲೇ ನಿಂತು ಎರಡು ಸಲ ಬಿಚ್ಚಿ ಮುಚ್ಚಿ ನೋಡೋರು. ಆಮೇಲೆ ಮಳೆಗಾಲ ಪೂರ್ತಿ ಅದೇ ಕೊಡೆ.

"ಅದು ಹೇಗೆ ಸಾಧ್ಯ ಆಯ್ತು? ಆ ಕೊಡೆ ಬಿಚ್ಚಿ ಕಟ್ಟೋ ಹಾಗೆ ಇತ್ತು. ಒಂದು ಕಡ್ಡಿ ಹೋದರೆ ಒಂದು ಕಡ್ಡಿ ಮಾತ್ರ ಹೋಗ್ತಿತ್ತು. ಬಿಡಿ ಭಾಗ ಪೇಟೇಲಿ ಸಿಗ್ತಿತ್ತು. ಮಾಡಿಕೊಡೋ ಕೈಯೂ ಇತ್ತು.

"ಇಲ್ಲಿಗೆ ಬಂದ ಮೇಲೆ ನಾನು ಐದು ಪೌಂಡಿಗೆ ಒಂದು ಕೊಡೆ ತಗೊಂಡೆ. ಮೊದಲನೇ ಗಾಳಿಗೇ ಅದು ತಿರುಚಿಕೊಳ್ತು. ಕಸದ ಬುಟ್ಟಿಗೆ ಹಾಕೋದು ಬಿಟ್ಟು ಬೇರೆ ದಾರಿ ಇರಲಿಲ್ಲ.

"ಅದಕ್ಕೇ ಹೇಳ್ತೀನಿ, ರಿಪೇರಿ ಆಗೋ ವಸ್ತುವನ್ನೇ ಕೊಳ್ಳಬೇಕು."

ಎಣಿಸಿ ನೋಡಿ, ಸರಿಯಾಗಿ 20 ವಾಕ್ಯ. ಇದರಲ್ಲಿ ಆ ಒಂದು ನಿಮಿಷದಲ್ಲಿ ತಯಾರಾದದ್ದು ಎರಡೇ ವಾಕ್ಯ, ಮೊದಲನೆಯದು ಮತ್ತು ಕೊನೆಯದು. ನಡುವಿನದು ನೆನಪಿನಿಂದ ತಾನಾಗಿ ಬಂತು, ಏಕೆಂದರೆ ನಡೆದ ಘಟನೆಗೆ ಅದರದೇ ಕ್ರಮ ಇರುತ್ತದೆ. "ಆಮೇಲೇನಾಯ್ತು?" ಎಂದು ಕೇಳಿಕೊಂಡರೆ ಮುಂದಿನ ವಾಕ್ಯ ಸಿಗುತ್ತದೆ. ಅಂಶಗಳ ಪಟ್ಟಿಗೆ ಈ ಅನುಕೂಲ ಇಲ್ಲ. ಮೂರನೆಯ ಅಂಶ ಮರೆತರೆ ಎರಡನೆಯದು ಅದನ್ನು ನೆನಪಿಸುವುದಿಲ್ಲ.

ಇನ್ನೂ ಒಂದು ಮಾತು. ಈ ವಾಕ್ಯಗಳು ಚಿಕ್ಕವಾಗಿರುವುದು ಬೇಕೆಂದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ "ಹೋಗಿ, ನೋಡಿ, ಕೇಳಿ, ತಗೊಂಡು" ಎಂದು ಪೋಣಿಸುತ್ತಾ ಹೋಗುವುದು ಸುಲಭ. ಬರೆಯುವಾಗ ಅದು ಚಂದ. ಗಾಬರಿಯಲ್ಲಿ ಮಾತಾಡುವಾಗ ವಾಕ್ಯ ಎಲ್ಲಿ ಮುಗಿಯಬೇಕೆಂದು ನಮಗೇ ಮರೆತುಹೋಗುತ್ತದೆ. ಒಂದು ಕ್ರಿಯೆ ಹೇಳಿದ ಮೇಲೆ ವಾಕ್ಯ ಮುಗಿಸಿಬಿಟ್ಟರೆ ಉಸಿರಿಗೂ ಯೋಚನೆಗೂ ಜಾಗ ಸಿಗುತ್ತದೆ.

ಗಾದೆ ಬಂದರೆ?

ಚೀಟಿಗಳಲ್ಲಿ ಗಾದೆಗಳು ಬರುವುದು ಹೆಚ್ಚು. ಗಾದೆಯನ್ನು ಎಲ್ಲರೂ ಮೊದಲೇ ಒಪ್ಪಿರುತ್ತಾರೆ, ಆದ್ದರಿಂದ ಅದನ್ನೇ ಕೊನೆಯ ವಾಕ್ಯ ಮಾಡಿಕೊಂಡರೆ ನಮ್ಮ ಪರೀಕ್ಷೆಯಲ್ಲಿ ಅದು ಪಾಸಾಗುವುದಿಲ್ಲ. ಮೊದಲ 10 ಸೆಕೆಂಡಿನ ಪ್ರಶ್ನೆಯನ್ನು "ಇದು ಯಾವಾಗ ನಡೆಯುವುದಿಲ್ಲ?" ಎಂದು ಬದಲಾಯಿಸಿಕೊಳ್ಳಿ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಬಂದರೆ ಸಾಲ ಮಾಡಿ ಓದಲು ಬಂದ ನಮ್ಮೆಲ್ಲರ ಕಾಲು ಹಾಸಿಗೆಯ ಹೊರಗೇ ಇದೆ. ಕೊನೆಯ ವಾಕ್ಯ "ಹಾಸಿಗೆ ಉದ್ದ ಮಾಡೋದಕ್ಕೆ ಮಾಡಿದ ಸಾಲಕ್ಕೆ ಈ ಗಾದೆ ಹೊಂದಲ್ಲ" ಎಂದಾಗಬಹುದು. ಘಟನೆ ಹುಡುಕಲು ಯಾರೂ ದೂರ ಹೋಗಬೇಕಾಗಿಲ್ಲ. ಬ್ಯಾಂಕಿನಲ್ಲಿ ಅಪ್ಪ ಸಹಿ ಹಾಕಿದ ದಿನ ಸಾಕು.

ಎಲ್ಲಿ ಕೈಕೊಡುತ್ತದೆ

ಮಾತಾಡುತ್ತಿರುವಾಗಲೇ ದಾರಿ ತಪ್ಪಿದ್ದು ಗೊತ್ತಾಗಲು ಎರಡು ಗುರುತುಗಳಿವೆ. ಒಂದು, "ಅಂದ್ರೆ" ಎಂದು ಹೇಳಿ ಹಿಂದಿನ ವಾಕ್ಯವನ್ನೇ ಬೇರೆ ಮಾತಿನಲ್ಲಿ ಹೇಳುವುದು. ಹಾಗಾದರೆ ಘಟನೆಯಿಂದ ಹೊರಗೆ ಬಂದು ಉಪದೇಶಕ್ಕೆ ಇಳಿದಿದ್ದೀರಿ. ಮತ್ತೆ ಆ ಜಾಗಕ್ಕೆ ಹೋಗಿ ಅಲ್ಲಿ ಕಂಡ ಒಂದು ವಸ್ತುವಿನ ಹೆಸರು ಹೇಳಿ, ಮಾತು ಮುಂದುವರಿಯುತ್ತದೆ. ಇನ್ನೊಂದು, ಕನ್ನಡ ಪದ ಸಿಗದೆ ನಿಂತುಬಿಡುವುದು. ನಮ್ಮಂಥವರಿಗೆ ಇದು ದಿನವೂ ಇದ್ದದ್ದೇ. ಇಂಗ್ಲಿಷ್ ಪದ ಹೇಳಿ ಮುಂದಕ್ಕೆ ಹೋಗಿ. ಕೇಳುವವರು ಆ ಪದವನ್ನು ಮರೆಯುತ್ತಾರೆ, ಐದು ಸೆಕೆಂಡಿನ ಮೌನವನ್ನು ಮರೆಯುವುದಿಲ್ಲ.

ಬೇಗ ಮುಗಿಯುತ್ತಿದೆ ಅನ್ನಿಸಿದರೆ ಹೊಸ ಅಂಶ ತರಬೇಡಿ. "ಆದರೆ ಕೆಲವರು ಹೇಳ್ತಾರೆ" ಎಂದು ಎದುರಿನವರ ಆಕ್ಷೇಪವನ್ನು ಒಂದು ವಾಕ್ಯದಲ್ಲಿ ಹೇಳಿ, ಮೂರು ವಾಕ್ಯದಲ್ಲಿ ಉತ್ತರ ಕೊಡಿ. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಸಿಗುತ್ತದೆ. ಸಮಯ ಮೀರುತ್ತಿದ್ದು ಗಂಟೆ ಬಾರಿಸಿದರೆ ಇರುವ ವಾಕ್ಯ ಮುಗಿಸಿ ನೇರ ಕೊನೆಯ ವಾಕ್ಯಕ್ಕೆ ಹಾರಿ. ಅದು ಮೊದಲೇ ತಯಾರಿರುವುದರಿಂದ ಎಲ್ಲಿಂದ ಹಾರಿದರೂ ಭಾಷಣ ಮುಗಿದ ಹಾಗೇ ಕೇಳಿಸುತ್ತದೆ.

ಈ ವಿಧಾನಕ್ಕೆ ಮಿತಿಯೂ ಇದೆ. ಪರ ಮತ್ತು ವಿರೋಧ ಎರಡನ್ನೂ ತೂಗಬೇಕಾದ ಚರ್ಚಾಸ್ಪರ್ಧೆಗೆ ಒಂದು ಘಟನೆ ಸಾಲದು. ವಿಷಯವೇ ಗೊತ್ತಿಲ್ಲದಾಗ ಘಟನೆಯೂ ಸಿಗುವುದಿಲ್ಲ. ಆಗ ವಿಷಯದ ಯಾವ ತುದಿ ನಮ್ಮ ಬದುಕಿಗೆ ತಾಗುತ್ತದೋ ಅದನ್ನು ಹಿಡಿದು, "ಇದರ ಇಷ್ಟು ಭಾಗದ ಬಗ್ಗೆ ಮಾತ್ರ ಮಾತಾಡ್ತೀನಿ" ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಭ್ಯಾಸಕ್ಕೆ ಮೂರು ಜನ, ಒಂದು ಫೋನು, ಹತ್ತು ಚೀಟಿ ಸಾಕು. ಒಬ್ಬರು ಮಾತಾಡಲಿ, ಇನ್ನೊಬ್ಬರು ಸಮಯ ನೋಡಲಿ. ಮೂರನೆಯವರು ಭಾಷಣ ಮುಗಿದ ಮೇಲೆ ತಮಗೆ ಅರ್ಥವಾದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಲಿ. ಮಾತಾಡಿದವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಕೊನೆಯ ವಾಕ್ಯಕ್ಕೆ ಅದು ಹೊಂದಿದರೆ ಭಾಷಣ ತಲುಪಿದೆ. ಹೊಂದದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಘಟನೆಯ ಯಾವ ತಿರುವಿನಲ್ಲಿ ಕೇಳುವವರು ಬೇರೆ ದಾರಿ ಹಿಡಿದರು ಎಂದು ತಿಳಿಯುತ್ತದೆ.