ಹೊತ್ತು ಬದಲಿಸುವ ಹಸಿವು

ಬೇಸಿಗೆಯಲ್ಲಿ ಊಟ ಯಾಕೆ ಸೇರುವುದಿಲ್ಲ ಎಂಬುದರ ಬಗ್ಗೆ ಹಳ್ಳಿಯ ಕೇಳುಗರಿಗೆ ರೇಡಿಯೊದಲ್ಲಿ ಹತ್ತು ನಿಮಿಷ ಮಾತಾಡಬೇಕೆಂದು ಕೇಳಿದಾಗ ನಾನು ತಟ್ಟನೆ ಒಪ್ಪಿಕೊಂಡೆ. ರಾಯಚೂರು ಸೀಮೆಯಲ್ಲಿ ವೈದ್ಯವೃತ್ತಿ ಮಾಡುವ ನನಗೆ ಏಪ್ರಿಲ್ ಹುಟ್ಟಿತೆಂದರೆ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ಮಾತು ಇದೇ: “ರೊಟ್ಟಿ ಗಂಟಲದಾಗ ಇಳಿಯಂಗಿಲ್ರಿ ಡಾಕ್ಟ್ರ, ಒಂದು ಟಾನಿಕ್ ಬರದ್ ಕೊಡ್ರಿ.” ಟಾನಿಕ್ ಬರೆಯುವುದು ಸುಲಭ, ಅದರಿಂದ ಉಪಯೋಗವಿಲ್ಲ ಎಂದು ತಿಳಿಸಿ ಹೇಳುವುದು ಕಷ್ಟ. ರೇಡಿಯೊದಲ್ಲಿ ಚಿತ್ರ ತೋರಿಸುವಂತೆಯೂ ಇಲ್ಲ. ಹಾಗಾಗಿ ಕೇಳುಗರು ದಿನವೂ ಕಾಣುವ ಒಂದು ಜಾಗದಿಂದ, ದನದ ಕೊಟ್ಟಿಗೆಯಿಂದ, ಮಾತು ಶುರು ಮಾಡಿದೆ. ಆ ಮಾತುಗಳನ್ನೇ ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆದಿದ್ದೇನೆ.

ಎಚ್.ಎಫ್. ತಳಿಯ ಹಸು ಸಾಕಿದವರಿಗೆ ಗೊತ್ತು: ಬಿಸಿಲು ಏರಿದರೆ ಅದು ಮೇವಿಗೆ ಬಾಯಿ ಹಾಕುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತ ನಿಂತಿರುತ್ತದೆ, ಹಾಲು ಇಳಿಯುತ್ತದೆ. ಅದೇ ಹಸು ರಾತ್ರಿ ತಂಪು ಬಿದ್ದ ಮೇಲೆ ಗೋದಲಿ ಖಾಲಿ ಮಾಡುತ್ತದೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಶಾಖ ಹುಟ್ಟುತ್ತದೆ, ಅದರಲ್ಲೂ ಒಣ ಸೊಪ್ಪೆ ತಿಂದಾಗ ಹೆಚ್ಚು. ಹೊರಗೆ ಬಿಸಿಲು ಸುಡುವಾಗ ಒಳಗೂ ಒಲೆ ಹಚ್ಚಿದರೆ ತಡೆಯಲಾಗದೆಂದು ಅದರ ಮೈ ಮೇವನ್ನು ದೂರ ಇಡುತ್ತದೆ. ಅನುಭವಸ್ಥ ರೈತ ಹಸುವಿಗೆ ಟಾನಿಕ್ ಹುಡುಕುವುದಿಲ್ಲ, ಮೇವು ಹಾಕುವ ಹೊತ್ತನ್ನು ನಸುಕಿಗೂ ರಾತ್ರಿಗೂ ಸರಿಸುತ್ತಾನೆ. ಮನುಷ್ಯನ ಹೊಟ್ಟೆಯ ರಚನೆ ಬೇರೆ, ಆದರೆ ಮೈಯ ಲೆಕ್ಕಾಚಾರ ಅದೇ.

ಆ ಲೆಕ್ಕವನ್ನು ಒಬ್ಬ ಕೂಲಿ ಹೆಣ್ಣುಮಗಳ ಮೂಲಕ ನೋಡೋಣ. ಆಕೆಯ ತೂಕ 50 ಕಿಲೊ ಎಂದುಕೊಳ್ಳಿ. ಸುಮ್ಮನೆ ಕೂತಾಗಲೂ ಆಕೆಯ ಮೈ ಗಂಟೆಗೆ ಸುಮಾರು 60 ಕ್ಯಾಲೊರಿ ಶಾಖ ಹುಟ್ಟಿಸುತ್ತದೆ. ಮಣ್ಣು ಅಗೆದು ಬುಟ್ಟಿ ಹೊರುವಾಗ ಅದು 200 ದಾಟುತ್ತದೆ, ಯಾಕೆಂದರೆ ಸ್ನಾಯುಗಳು ಬಳಸುವ ಶಕ್ತಿಯ ಬಹುಪಾಲು ಶಾಖವಾಗಿಯೇ ಹೊರಬರುತ್ತದೆ. 50 ಕಿಲೊ ತೂಕದ ಮೈಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 42 ಕ್ಯಾಲೊರಿ ಸಾಕು. ಅಂದರೆ ದುಡಿದಾಗ ಹುಟ್ಟಿದ ಶಾಖ ಹೊರಗೆ ಹೋಗದೆ ಒಳಗೇ ಉಳಿದರೆ ಒಂದೇ ಗಂಟೆಯಲ್ಲಿ ಮೈ ಬಿಸಿ 37ರಿಂದ 41 ಡಿಗ್ರಿ ದಾಟಿ ಜೀವಕ್ಕೇ ಸಂಚಕಾರ ಬರುತ್ತದೆ.

ಚಳಿಗಾಲದಲ್ಲಿ ಸುತ್ತಲಿನ ತಂಪು ಗಾಳಿಯೇ ಈ ಶಾಖವನ್ನು ಎಳೆದುಕೊಳ್ಳುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನದಲ್ಲಿ ಗಾಳಿಯ ಬಿಸಿ 40 ಡಿಗ್ರಿ ದಾಟಿದಾಗ ಶಾಖ ಗಾಳಿಯಿಂದ ಮೈಯೊಳಕ್ಕೆ ಹರಿಯುತ್ತದೆ. ಆಗ ಉಳಿಯುವ ದಾರಿ ಬೆವರೊಂದೇ. ಮಣ್ಣಿನ ಗಡಿಗೆ ಹೇಗೆ ನೀರನ್ನು ತಂಪಾಗಿಡುತ್ತದೋ ಬೆವರೂ ಹಾಗೆಯೇ ಕೆಲಸ ಮಾಡುತ್ತದೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆರಿದಾಗ ಒಳಗಿನ ನೀರು ತಣ್ಣಗಾಗುತ್ತದೆ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕ್ಯಾಲೊರಿ ಶಾಖ ಹೊರಟುಹೋಗುತ್ತದೆ. ಆದರೆ ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪಿಲ್ಲ. ಗಾಳಿಯಲ್ಲೇ ನೀರಿನಂಶ ತುಂಬಿರುವ ಮಂಗಳೂರಿನಲ್ಲಿ 34 ಡಿಗ್ರಿಗೇ ಜೀವ ಸಾಕಾಗುವುದೂ, ಅಲ್ಲಿ ಗಡಿಗೆಯ ನೀರು ಅಷ್ಟಾಗಿ ತಣ್ಣಗಾಗದಿರುವುದೂ ಇದೇ ಕಾರಣಕ್ಕೆ.

ಈಗ ಊಟಕ್ಕೆ ಬರೋಣ. ತಿಂದ ಅನ್ನವನ್ನು ಅರಗಿಸಿ ಹೀರಿಕೊಳ್ಳುವುದೇ ಒಂದು ದುಡಿಮೆ. ಊಟದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಈ ಕೆಲಸದಲ್ಲೇ ಶಾಖವಾಗುತ್ತದೆ. ಬೇಳೆ, ಮಾಂಸ, ಮೊಟ್ಟೆಯಂಥ ಪದಾರ್ಥಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಮೂರು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಸೇರಿ 700 ಕ್ಯಾಲೊರಿಯ ಊಟವಾದರೆ ಮುಂದಿನ ಕೆಲವು ಗಂಟೆಗಳಲ್ಲಿ 70 ಕ್ಯಾಲೊರಿ ಶಾಖ ಹೆಚ್ಚುವರಿಯಾಗಿ ಹುಟ್ಟುತ್ತದೆ. ದುಡಿಮೆಯ ಶಾಖದ ಮುಂದೆ ಇದು ದೊಡ್ಡದಲ್ಲ, ಒಂದು ಲೋಟ ಬೆವರು ಆರಿದರೆ ತೀರಿಹೋಗುವಷ್ಟು. ಹಸಿವು ಸಾಯುವುದಕ್ಕೆ ಇದೊಂದೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ರಕ್ತದ ಹಂಚಿಕೆಯಲ್ಲಿದೆ.

ನಮ್ಮ ಮೈಯಲ್ಲಿರುವುದು ನಾಲ್ಕೈದು ಲೀಟರ್ ರಕ್ತ. ಒಳಗಿನ ಶಾಖವನ್ನು ಚರ್ಮಕ್ಕೆ ಹೊತ್ತು ತರುವುದು ಅದೇ. ತಂಪು ಹೊತ್ತಿನಲ್ಲಿ ಚರ್ಮಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟೂ ರಕ್ತ ಹರಿಯುವುದಿಲ್ಲ. ಕಡು ಬಿಸಿಯಲ್ಲಿ ಅದು ಹಲವು ಲೀಟರಿಗೆ ಏರುತ್ತದೆ. ಜೊತೆಗೆ ದುಡಿಯುವ ಕೈಕಾಲುಗಳೂ ರಕ್ತ ಕೇಳುತ್ತವೆ. ಕಾಲುವೆಯ ನೀರು ಇದ್ದಷ್ಟೇ ಇರುವಾಗ ಎರಡು ಹೊಲಗಳಿಗೆ ತೂಬು ಎತ್ತಿದರೆ ಮೂರನೆಯ ಹೊಲಕ್ಕೆ ಇಳಿಸಲೇಬೇಕು. ಮೈ ಇಳಿಸುವುದು ಜಠರ, ಕರುಳಿನ ತೂಬನ್ನು. ರಕ್ತ ಕಡಿಮೆಯಾದ ಜಠರ ನಿಧಾನವಾಗುತ್ತದೆ, ತಿಂದದ್ದು ಅಲ್ಲೇ ಹೆಚ್ಚು ಹೊತ್ತು ಕೂರುತ್ತದೆ. ಬಿಸಿಲಲ್ಲಿ ಹೊಟ್ಟೆ ತುಂಬ ಉಂಡು ಮತ್ತೆ ಗುದ್ದಲಿ ಹಿಡಿದವರಿಗೆ ಹೊಟ್ಟೆ ಉಬ್ಬರಿಸಿ ವಾಕರಿಕೆ ಬರುವುದು ಇದರಿಂದಲೇ.

ಮೂರನೆಯದು ನೀರಿನ ಕೊರತೆ. ಬೆವರು ಹರಿದಂತೆ ಜೊಲ್ಲು ಬತ್ತುತ್ತದೆ. ಬಾಯಿ ಒಣಗಿದಾಗ ಒಣ ರೊಟ್ಟಿ ನಿಜವಾಗಿಯೂ ಗಂಟಲಲ್ಲಿ ಇಳಿಯುವುದಿಲ್ಲ. ನೀರು ಸಾಲದಿದ್ದಾಗ ಮೊದಲು ನೀರು ಕುಡಿ, ಅನ್ನ ಆಮೇಲೆ ಎಂದು ಮೈ ಹಟ ಹಿಡಿಯುತ್ತದೆ.

ಇವೆಲ್ಲದರ ಸುದ್ದಿ ಹೋಗುವುದು ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗಕ್ಕೆ. ಮೈ ಬಿಸಿ ಕಾಯುವ, ಬಾಯಾರಿಕೆ ಹುಟ್ಟಿಸುವ, ಹಸಿವು ಏಳಿಸುವ ಕೇಂದ್ರಗಳು ಅಲ್ಲಿ ನೆರೆಮನೆಯವರಂತೆ ಅಕ್ಕಪಕ್ಕದಲ್ಲಿವೆ. ತಿನ್ನುವುದು ಮೈ ಬಿಸಿಯನ್ನು ಹತೋಟಿಯಲ್ಲಿಡುವ ಒಂದು ಉಪಾಯವೂ ಹೌದು ಎಂಬ ವಿಚಾರವನ್ನು ಅಮೆರಿಕದ ಶರೀರವಿಜ್ಞಾನಿ ಜಾನ್ ಬ್ರೊಬೆಕ್ 1948ರಲ್ಲೇ ಮಂಡಿಸಿದ್ದರು. ಪ್ರಾಣಿಗಳು ಚಳಿಯಲ್ಲಿ ಹೆಚ್ಚು ತಿಂದು ಬೆಚ್ಚಗಾಗುತ್ತವೆ, ಸೆಕೆಯಲ್ಲಿ ತಿನ್ನುವುದನ್ನು ತಗ್ಗಿಸಿ ತಂಪಾಗಿರುತ್ತವೆ ಎಂಬುದು ಅವರ ವಾದ. ಹಸಿವಿಗೆ ಬೇರೆ ಕಾರಣಗಳೂ ಇವೆಯೆಂದು ಆಮೇಲೆ ತಿಳಿಯಿತು. ಆದರೂ ಬೇಸಿಗೆಯ ಮಧ್ಯಾಹ್ನದ ಮಟ್ಟಿಗೆ ಆ ಮಾತು ಸರಿಯಾಗಿ ಹೊಂದುತ್ತದೆ.

ಸಮಸ್ಯೆ ಇರುವುದು ಇಲ್ಲಿ. ನೆರಳಲ್ಲಿ ಕೂತು ಕೆಲಸ ಮಾಡುವವರು ಎರಡು ತುತ್ತು ಕಡಿಮೆ ಉಂಡರೆ ಏನೂ ಆಗದು. ಕೂಲಿಯವರ ದುಡಿಮೆ ಮಾತ್ರ ಬೇಸಿಗೆಯಲ್ಲಿ ಕಡಿಮೆಯಾಗುವುದಿಲ್ಲ. ಹಸಿವು ಇಳಿದಷ್ಟು ಅವರ ಅನ್ನದ ಅಗತ್ಯ ಇಳಿಯುವುದಿಲ್ಲ. ಎರಡು ತಿಂಗಳು ಚಹಾ, ಬಿಸ್ಕತ್ತಿನಲ್ಲೇ ಮಧ್ಯಾಹ್ನ ಕಳೆದವರು ಮಳೆ ಬರುವ ಹೊತ್ತಿಗೆ ತೂಕ ಕಳೆದುಕೊಂಡು, ಬಿತ್ತನೆಯ ಕೆಲಸಕ್ಕೆ ಬಲವಿಲ್ಲದೆ ನಿಲ್ಲುತ್ತಾರೆ. ಆದ್ದರಿಂದ ಹಸುವಿಗೆ ಮಾಡಿದ್ದನ್ನೇ ನಮಗೂ ಮಾಡಿಕೊಳ್ಳಬೇಕು. ಊಟದ ಪ್ರಮಾಣ ಇಳಿಸದೆ ಹೊತ್ತನ್ನೂ ರೂಪವನ್ನೂ ಬದಲಿಸಬೇಕು.

ಆ ಹೆಣ್ಣುಮಗಳು ನಸುಕಿನ 5 ಗಂಟೆಗೆ, ಕೆಲಸಕ್ಕೆ ಹೊರಡುವ ಮುಂಚೆ, ಎರಡು ರೊಟ್ಟಿ ಪಲ್ಯ ತಿನ್ನಲಿ. ಆಗ ಮೈ ತಂಪಾಗಿರುತ್ತದೆ, ಕರುಳಿಗೆ ರಕ್ತವೂ ಸಿಗುತ್ತದೆ. ಬಿಸಿಲಿನ ಹೊತ್ತಿಗೆ ಜೋಳದ ಅಂಬಲಿ ಇರಲಿ. ಮೂರು ಹಿಡಿ, ಅಂದರೆ ಸುಮಾರು 150 ಗ್ರಾಂ ಹಿಟ್ಟಿನ ಅಂಬಲಿಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಮೂರು ಸಲಕ್ಕೆ ಕುಡಿದರೆ ಎರಡು ಮೂರು ರೊಟ್ಟಿಯ ಬಲ ಮೈಗೆ ಸೇರುತ್ತದೆ. ಒಣಗಿದ ಬಾಯಿಯೂ ಅದನ್ನು ಬೇಡವೆನ್ನುವುದಿಲ್ಲ. ಅನ್ನ, ನೀರು, ಉಪ್ಪು ಮೂರೂ ಒಂದೇ ಪಾತ್ರೆಯಲ್ಲಿವೆ. ದಕ್ಷಿಣದವರ ರಾಗಿ ಅಂಬಲಿಗೂ ಇದೇ ಗುಣ. ಬೇಳೆ, ಕಾಳು, ಮೊಟ್ಟೆಯ ಗಟ್ಟಿ ಊಟ ರಾತ್ರಿ 8ಕ್ಕೆ, ಅಂಗಳದಲ್ಲಿ ಗಾಳಿಯಾಡುವಾಗ ಆಗಲಿ. ಮೈಗೆ ನೀರು ಹಾಕಿಕೊಂಡು ಅರ್ಧ ಗಂಟೆ ಕೂತ ಮೇಲೆ ಹಸಿವು ತಾನಾಗಿ ಏಳುವುದನ್ನು ಗಮನಿಸಿ. ಅದು ಸತ್ತಿರಲಿಲ್ಲ, ತಂಪಿಗೆ ಕಾಯುತ್ತಿತ್ತು.

ಉಪ್ಪಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಬಿಸಿಲಲ್ಲಿ ದುಡಿಯುವವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೆವರು ಹೋಗುವುದು ಸಾಮಾನ್ಯ. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನು ಕೊಡಗಟ್ಟಲೆ ಕುಡಿದು ಊಟವನ್ನೂ ಬಿಟ್ಟರೆ ರಕ್ತದಲ್ಲಿ ಉಪ್ಪಿನಂಶ ತೆಳುವಾಗಿ ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಬರುತ್ತವೆ. ವಾಕರಿಕೆಯಿಂದ ಊಟ ಇನ್ನಷ್ಟು ದೂರವಾಗುತ್ತದೆ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆಗಾಗಿ ಉಪ್ಪು ಕಡಿಮೆ ಮಾಡಿರುವವರು ಮಾತ್ರ ತಮ್ಮ ವೈದ್ಯರನ್ನು ಕೇಳಿಯೇ ಉಪ್ಪು ಸೇರಿಸಿಕೊಳ್ಳಬೇಕು. ನೀರು ಸಾಕಾಗಿದೆಯೇ ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ, ಚಹಾದ ಬಣ್ಣಕ್ಕೆ ತಿರುಗಿದ್ದರೆ ಸಾಲದು.

ಮೈ ಬಿಸಿಲಿಗೆ ಪಳಗುತ್ತದೆ ಎಂಬುದೂ ನಿಜ. ದಿನವೂ ಬಿಸಿಲಿಗೆ ಬಿದ್ದರೆ ಒಂದೆರಡು ವಾರದಲ್ಲಿ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ನೀರಿನಂಶವೂ ಹೆಚ್ಚುತ್ತದೆ. ಅಷ್ಟಾದರೆ ಕರುಳಿನ ತೂಬನ್ನು ಅಷ್ಟು ಬಿಗಿಯಾಗಿ ಇಳಿಸಬೇಕಾಗುವುದಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ಮಗ ರಜೆಗೆ ಬಂದ ಮರುದಿನವೇ ಅಪ್ಪನ ಸಮಕ್ಕೆ ಹೊಲದಲ್ಲಿ ನಿಲ್ಲಬಾರದು. ಅಪ್ಪನ ಮೈ ಪಳಗಿದೆ, ಮಗನ ಮೈಗೆ ಇನ್ನೂ ಹತ್ತು ದಿನ ಬೇಕು.

ಪಳಗಿದ ಮೈಗೂ ಮಿತಿಯಿದೆ. ಬಿಸಿಲಲ್ಲಿದ್ದವರು ತೊದಲಿದರೆ, ಗೊತ್ತುಗುರಿಯಿಲ್ಲದೆ ಮಾತಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಸುಸ್ತಲ್ಲ, ಬಿಸಿಲಾಘಾತ. ಬೆವರು ನಿಂತಿರಲೇಬೇಕೆಂದಿಲ್ಲ. ನೆರಳಿಗೆ ಎಳೆದು ಮೈತುಂಬ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕೊನೆಗೆ ಒಂದು ಕೋರಿಕೆ. ಬಿಸಿಲಿನಿಂದ ಇಳಿದ ಹಸಿವು ರಾತ್ರಿಯ ತಂಪಿಗೆ ಮರಳುತ್ತದೆ. ರಾತ್ರಿಯೂ ಊಟ ಬೇಡವೆನಿಸಿದರೆ, ಮಳೆ ಬಿದ್ದು ವಾರ ಕಳೆದರೂ ಹಸಿವು ಬಾರದಿದ್ದರೆ ಬಿಸಿಲನ್ನು ದೂರಬೇಡಿ. ಕಣ್ಣು ಹಳದಿಯಾಗಿದ್ದರೆ ಕಾಮಾಲೆಯಿರಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಇಳಿಯುತ್ತಿರುವ ತೂಕ ಜೊತೆಗಿದ್ದರೆ ಕ್ಷಯವಿರಬಹುದು. ಟಾನಿಕ್ ಬಾಟಲಿಗೆ ದುಡ್ಡು ಸುರಿಯುವ ಮುಂಚೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.