ತುರ್ತು ಕೆಲಸದ ಬೆಲೆ ಯಾವ ಕಾರ್ಡಿನ ಮೇಲೆ ಬೀಳುತ್ತದೆ?

ಕರೆಂಟು, ನೀರಿನ ಬಿಲ್ಲುಗಳನ್ನು ಮೊಬೈಲಿನಲ್ಲೇ ಕಟ್ಟಿಸಿಕೊಳ್ಳುವ ಒಂದು ಸಣ್ಣ ಕಂಪನಿಯನ್ನು ಊಹಿಸಿಕೊಳ್ಳಿ. ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸಹಾಯವಾಣಿಗೆ ಒಂದರ ಹಿಂದೊಂದು ಕರೆ ಬರತೊಡಗುತ್ತದೆ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕಡಿತವಾಗಿದೆ. ಹಿಂದಿನ ಸಂಜೆ ಮಾಡಿದ ಬದಲಾವಣೆಯೊಂದು ಪ್ರೊಡಕ್ಷನ್‌ನಲ್ಲಿ, ಎಂದರೆ ಜನ ನಿಜವಾಗಿ ಬಳಸುತ್ತಿರುವ ವ್ಯವಸ್ಥೆಯಲ್ಲಿ, ಕೈಕೊಟ್ಟಿದೆ. ಸಾಫ್ಟ್‌ವೇರ್ ತಂಡದಲ್ಲಿರುವುದು ಆರು ಜನ. ಆರೂ ಜನ ಹಿಡಿದ ಕೆಲಸ ಬಿಟ್ಟು ಇದರ ಮೇಲೆ ಬೀಳುತ್ತಾರೆ. ಸಂಜೆಯೊಳಗೆ ದೋಷ ಸರಿಹೋಗುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ.

ಅರ್ಧಕ್ಕೆ ನಿಂತ ಆ ಆರು ಕೆಲಸಗಳು ಏನಾದವು ಎಂದು ಮಾತ್ರ ಯಾರೂ ಕೇಳುವುದಿಲ್ಲ. ತುರ್ತು ಕೆಲಸದ ಖರ್ಚು ಅದರ ಲೆಕ್ಕದಲ್ಲಿ ಬರುವುದೇ ಇಲ್ಲ. ಅದನ್ನು ಭರಿಸುವವು ಪಕ್ಕದಲ್ಲಿ ಸುಮ್ಮನೆ ಕಾಯುವ ಮಾಮೂಲಿ ಕೆಲಸಗಳು. ಕಾನ್‌ಬಾನ್ ಬೋರ್ಡಿನ ಮೇಲ್ತುದಿಯಲ್ಲಿ ತುರ್ತಿಗೆಂದು ಒಂದು ಪ್ರತ್ಯೇಕ ಲೇನ್ ಎಳೆಯುವುದು ಈ ಖರ್ಚು ಕಣ್ಣಿಗೆ ಬೀಳಲಿ, ಕೈಮೀರದಿರಲಿ ಎಂಬ ಕಾರಣಕ್ಕೆ.

ಮೊದಲು ಬೋರ್ಡಿನ ವಿಷಯ. ಟೊಯೋಟಾ ಕಾರ್ಖಾನೆಯಲ್ಲಿ ತೈಯಿಚಿ ಓನೊ ರೂಪಿಸಿದ ಕಾರ್ಡುಗಳ ಪದ್ಧತಿಯಿಂದ ಸ್ಫೂರ್ತಿ ಪಡೆದು ಡೇವಿಡ್ ಆಂಡರ್ಸನ್ ಎಂಬವರು ಈ ಶತಮಾನದ ಮೊದಲ ದಶಕದಲ್ಲಿ ಇದನ್ನು ಸಾಫ್ಟ್‌ವೇರ್ ಕೆಲಸಕ್ಕೆ ಒಗ್ಗಿಸಿದರು. ನಮ್ಮ ತಂಡದ ಗೋಡೆಯ ಮೇಲೆ ತಯಾರಿ, ಕೋಡಿಂಗ್, ಟೆಸ್ಟಿಂಗ್ ಎಂಬ ಮೂರು ಅಂಕಣಗಳಿವೆ ಎಂದುಕೊಳ್ಳೋಣ. ಪ್ರತಿ ಕೆಲಸಕ್ಕೂ ಒಂದು ಕಾರ್ಡ್. ಪ್ರತಿ ಅಂಕಣದ ತಲೆಯ ಮೇಲೆ ಒಂದು ಸಂಖ್ಯೆ: ತಯಾರಿಗೆ 3, ಕೋಡಿಂಗ್‌ಗೆ 4, ಟೆಸ್ಟಿಂಗ್‌ಗೆ 3. ಆ ಅಂಕಣದಲ್ಲಿ ಅದಕ್ಕಿಂತ ಹೆಚ್ಚು ಕಾರ್ಡ್ ಇರಕೂಡದು. ಮುಂದೆ ಜಾಗ ಖಾಲಿಯಾದರೆ ಮಾತ್ರ ಹಿಂದಿನದನ್ನು ಎಳೆದುಕೊಳ್ಳಬೇಕು. ಬೋರ್ಡಿನ ಜೀವವಿರುವುದು ಈ ಮಿತಿಯಲ್ಲಿ. ಮಿತಿಯಿಲ್ಲದ ಬೋರ್ಡು ಬರೀ ಕೆಲಸದ ಪಟ್ಟಿ.

ಮಿತಿ ಯಾಕೆ ಬೇಕು ಎಂಬುದಕ್ಕೆ ಒಂದು ಸರಳ ಗಣಿತವಿದೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ಸೂತ್ರ ಅದು. ಒಂದು ಕೆಲಸ ಮುಗಿಯಲು ಸರಾಸರಿ ಹಿಡಿಯುವ ಕಾಲ ಎಷ್ಟೆಂದು ತಿಳಿಯಬೇಕಾದರೆ, ಕೈಯಲ್ಲಿರುವ ಒಟ್ಟು ಕೆಲಸಗಳನ್ನು ವಾರಕ್ಕೆ ಮುಗಿಯುವ ಕೆಲಸಗಳಿಂದ ಭಾಗಿಸಿದರೆ ಸಾಕು. ನಮ್ಮ ಬೋರ್ಡಿನಲ್ಲಿ 10 ಕಾರ್ಡ್‌ಗಳಿವೆ, ವಾರಕ್ಕೆ 5 ಮುಗಿಯುತ್ತವೆ. ಹಾಗಾಗಿ ಒಂದು ಕಾರ್ಡ್ ಒಳಗೆ ಬಂದು ಹೊರಗೆ ಹೋಗಲು ಸರಾಸರಿ ಎರಡು ವಾರ.

ಈಗ ಮಂಗಳವಾರದಂಥ ದಿನಗಳು ಮತ್ತೆ ಮತ್ತೆ ಬರುತ್ತವೆ ಎನ್ನೋಣ. ತುರ್ತು ಕೆಲಸಗಳು ತಂಡದ ಐದನೇ ಒಂದು ಭಾಗ ಶಕ್ತಿಯನ್ನು ತಿನ್ನುತ್ತವೆ. ಆಗ ಮಾಮೂಲಿ ಕಾರ್ಡ್‌ಗಳು ವಾರಕ್ಕೆ ನಾಲ್ಕೇ ಮುಗಿಯುತ್ತವೆ, ಎರಡು ವಾರ ಎರಡೂವರೆಯಾಗುತ್ತದೆ. ಇಷ್ಟನ್ನು ಸಹಿಸಬಹುದು. ನಿಜವಾದ ಹಾನಿ ಆಮೇಲಿನದು. ಗಲಾಟೆ ಮುಗಿದ ಮರುದಿನ ಹಳೆಯ ಕೆಲಸದ ಎಳೆ ತಪ್ಪಿರುತ್ತದೆ. ಒಬ್ಬರು ಯಾರದೋ ಉತ್ತರಕ್ಕೆ ಕಾಯುತ್ತಾ ಹೊಸ ಕಾರ್ಡ್ ತೆರೆಯುತ್ತಾರೆ, ಇನ್ನೊಬ್ಬರು ನಿಂತುಹೋದ ಕಾರ್ಡನ್ನು ಪಕ್ಕಕ್ಕಿಟ್ಟು ಬೇರೆಯದನ್ನು ಹಿಡಿಯುತ್ತಾರೆ. ಗೊತ್ತಾಗದ ಹಾಗೆ 10 ಕಾರ್ಡ್ 14 ಆಗುತ್ತದೆ. ಹದಿನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಮೂರೂವರೆ ವಾರ. ಎರಡು ವಾರದ ಮಾತು ಕೊಟ್ಟಿದ್ದವರಿಗೆ ಮೂರೂವರೆ ವಾರ ಕಾಯಿಸಿದಾಗ ಅವರು ಏನು ಮಾಡುತ್ತಾರೆ? ಮುಂದಿನ ಸಲ ತಮ್ಮ ಕೆಲಸವನ್ನೂ ತುರ್ತು ಎಂದೇ ಹೇಳಿಕೊಂಡು ಬರುತ್ತಾರೆ. ತುರ್ತು ತುರ್ತನ್ನು ಹುಟ್ಟಿಸುವುದು ಹೀಗೆ.

ಆಂಡರ್ಸನ್ ಮುಂದೆ ಕಾರ್ಬಿಸ್ ಎಂಬ ಚಿತ್ರಸಂಗ್ರಹ ಕಂಪನಿಯಲ್ಲಿದ್ದಾಗ ಇಂಥ ಕೆಲಸಗಳಿಗೆ ಬೇರೆಯೇ ನಿಯಮ ಮಾಡಿದರು, 2010ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಸಾರಾಂಶ ಹೀಗಿದೆ: ತುರ್ತು ಲೇನ್‌ನಲ್ಲಿ ಒಂದು ಹೊತ್ತಿಗೆ ಒಂದೇ ಕಾರ್ಡ್ ಇರಬಹುದು. ಆ ಕಾರ್ಡ್ ಕಂಡ ತಕ್ಷಣ ಅದನ್ನು ಮಾಡಬಲ್ಲವರು ಕೈಯಲ್ಲಿದ್ದುದನ್ನು ನಿಲ್ಲಿಸಿ ಎತ್ತಿಕೊಳ್ಳಬೇಕು. ಅದು ಹೋದ ಅಂಕಣ ಆಗಲೇ ತುಂಬಿದ್ದರೂ ಒಳಗೆ ಬಿಡಬೇಕು. ಅಗತ್ಯ ಬಿದ್ದರೆ ನಿಗದಿತ ದಿನಕ್ಕೆ ಕಾಯದೆ ಅದೊಂದನ್ನೇ ಬಿಡುಗಡೆ ಮಾಡಬೇಕು. ಮಿಕ್ಕ ಯಾವ ಕಾರ್ಡಿಗೂ ಈ ರಿಯಾಯಿತಿಯಿಲ್ಲ.

ಇದೇ ನಿಯಮದಲ್ಲಿ ನಮ್ಮ ಮಂಗಳವಾರವನ್ನು ಮತ್ತೊಮ್ಮೆ ನಡೆಸಿ ನೋಡೋಣ. ಕರೆಗಳು ಬಂದಾಗ ಮೊದಲ ಪ್ರಶ್ನೆ, ಇದು ಆ ಲೇನಿಗೆ ಯೋಗ್ಯವೇ? ಹಾನಿ ಗಂಟೆ ಗಂಟೆಗೂ ಬೆಳೆಯುತ್ತಿದೆಯೇ, ಗ್ರಾಹಕರಿಗೆ ಬೇರೆ ದಾರಿಯೇನಾದರೂ ಉಂಟೇ ಎಂದು ನೋಡಬೇಕು. ಇಲ್ಲಿ ಪ್ರತಿ ನಿಮಿಷವೂ ಯಾರದೋ ಖಾತೆಯಿಂದ ದುಡ್ಡು ಹೋಗುತ್ತಿದೆ, ತಡೆಯುವ ದಾರಿ ಗ್ರಾಹಕರ ಕೈಯಲ್ಲಿಲ್ಲ. ಆ ಹೊತ್ತಿನ ಪಾಳಿಯ ಡೆವಲಪರ್ ಮತ್ತು ಪ್ರಾಡಕ್ಟ್ ಮ್ಯಾನೇಜರ್ ಇಬ್ಬರೂ ಹೌದೆಂದರೆ ಮಾತ್ರ ಕಾರ್ಡ್ ಮೇಲೇರುತ್ತದೆ. ನಿರ್ಧಾರ ಇಬ್ಬರದಾಗಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಒಬ್ಬರ ಕೈಗೆ ಬಿಟ್ಟರೆ ಜೋರಾಗಿ ಫೋನ್ ಮಾಡಿದವರ ಕೆಲಸವೇ ತುರ್ತಾಗಿಬಿಡುತ್ತದೆ.

ಪಾವತಿಯ ಕೋಡ್ ಬಲ್ಲ ಒಬ್ಬ ಡೆವಲಪರ್ ಕಾರ್ಡ್ ಎತ್ತಿಕೊಳ್ಳುತ್ತಾರೆ, ಪಕ್ಕದಲ್ಲಿ ಒಬ್ಬ ಟೆಸ್ಟರ್. ಉಳಿದ ನಾಲ್ವರು ತಮ್ಮ ಕುರ್ಚಿಯಿಂದ ಏಳುವುದಿಲ್ಲ. ಇದು ಕಷ್ಟದ ಶಿಸ್ತು, ಸಹೋದ್ಯೋಗಿ ಒದ್ದಾಡುವಾಗ ಸುಮ್ಮನೆ ಕೂರಲು ಮನಸ್ಸು ಒಪ್ಪುವುದಿಲ್ಲ. ಆದರೆ ಒಂದು ಪುಟದಷ್ಟು ಕೋಡಿಗೆ ಆರು ತಲೆ ಬಗ್ಗಿದರೆ ದೋಷ ಬೇಗ ಸಿಗುತ್ತದೆ ಎನ್ನುವಂತಿಲ್ಲ. ಆರು ಕೆಲಸ ನಿಲ್ಲುವುದಂತೂ ಖಂಡಿತ.

ಆ ಡೆವಲಪರ್ ಬಿಟ್ಟುಬಂದ ಕಾರ್ಡ್ ಎಲ್ಲಿರಬೇಕು ಎಂಬುದನ್ನು ಬಹಳ ತಂಡಗಳು ಯೋಚಿಸುವುದೇ ಇಲ್ಲ. ಅದು ಕೋಡಿಂಗ್ ಅಂಕಣದಲ್ಲೇ, ‘ನಿಂತಿದೆ’ ಎಂಬ ಗುರುತು ಹೊತ್ತು ಕೂತಿರಬೇಕು. ನಾಲ್ಕರ ಮಿತಿಯಲ್ಲಿ ಅದೂ ಲೆಕ್ಕಕ್ಕೆ ಬರಬೇಕು. ಒಂಟಿ ಹಳಿಯ ಮಾರ್ಗದಲ್ಲಿ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಪ್ಯಾಸೆಂಜರ್ ರೈಲನ್ನು ಸಣ್ಣ ಸ್ಟೇಷನ್ನಿನ ಪಕ್ಕದ ಹಳಿಗೆ ಸರಿಸಿ ನಿಲ್ಲಿಸುವುದನ್ನು ನೋಡಿದ್ದೀರಿ. ಅದನ್ನು ಹೊರಟ ಊರಿಗೆ ವಾಪಸ್ ಕಳಿಸುವುದಿಲ್ಲ, ಅದು ನಿಂತ ಹಳಿಗೆ ಇನ್ನೊಂದು ರೈಲನ್ನು ಬಿಡುವುದೂ ಇಲ್ಲ. ಎಕ್ಸ್‌ಪ್ರೆಸ್ ದಾಟಿದ ಮೇಲೆ ಹಸಿರು ಸಿಗುವುದು ನಿಂತಿದ್ದ ಗಾಡಿಗೇ. ಕಾರ್ಡನ್ನು ತಯಾರಿಗೆ ಹಿಂದೆ ತಳ್ಳಿದರೆ, ಅಥವಾ ಮಿತಿಯಿಂದ ಹೊರಗಿಟ್ಟರೆ, ತೆರವಾದ ಜಾಗಕ್ಕೆ ಹೊಸ ಕಾರ್ಡ್ ಬರುತ್ತದೆ. ಹತ್ತು ಹದಿನಾಲ್ಕಾಗುವುದು ಈ ಕಿಂಡಿಯಿಂದಲೇ.

ದೋಷದ ಬೇರು ಅರ್ಧ ಗಂಟೆಯಲ್ಲಿ ಸಿಗುತ್ತದೆ ಎಂದುಕೊಳ್ಳಿ. ಬ್ಯಾಂಕಿನ ಉತ್ತರ ತಡವಾದರೆ ವಿನಂತಿಯನ್ನು ತಾನಾಗಿಯೇ ಮತ್ತೆ ಕಳಿಸುವ ಸೌಲಭ್ಯವನ್ನು ಹಿಂದಿನ ಸಂಜೆ ಸೇರಿಸಿದ್ದರು. ಪ್ರತಿ ಸಲವೂ ಹೊಸ ವ್ಯವಹಾರ ಸಂಖ್ಯೆ ಹುಟ್ಟುತ್ತಿದ್ದುದರಿಂದ ಬ್ಯಾಂಕು ಅದನ್ನು ಬೇರೆಯೇ ಪಾವತಿ ಎಂದುಕೊಂಡಿತು. ಸರಿಯಾದ ಪರಿಹಾರವೆಂದರೆ ಮರುಕಳಿಕೆಗೂ ಮೊದಲಿನ ಸಂಖ್ಯೆಯನ್ನೇ ಬಳಸುವುದು. ಅದಕ್ಕೆ ಎರಡು ದಿನ ಬೇಕು. ಹಾಗಾದರೆ ತುರ್ತು ಕಾರ್ಡ್ ಎರಡು ದಿನ ಮೇಲೆಯೇ ಇರಬೇಕೇ? ಬೇಡ. ಹಿಂದಿನ ಆವೃತ್ತಿಗೆ ರೋಲ್‌ಬ್ಯಾಕ್ ಮಾಡಿ, ಒಂದು ಬಿಲ್ಲು ಕಟ್ಟಿ ನೋಡಿ, ದುಡ್ಡು ಒಂದೇ ಸಲ ಹೋಗುತ್ತಿದೆ ಎಂದು ಟೆಸ್ಟರ್ ಖಚಿತಪಡಿಸಿದ ಗಳಿಗೆಗೆ ತುರ್ತು ಮುಗಿಯಿತು. ಹಾನಿ ಬೆಳೆಯುವುದು ನಿಂತಿದೆ. ಶಾಶ್ವತ ಪರಿಹಾರ ಮಾಮೂಲಿ ಕಾರ್ಡ್ ಆಗಿ ಸಾಲಿಗೆ ಬರುತ್ತದೆ. ಹೆಚ್ಚುವರಿ ಕಡಿತವಾದ ದುಡ್ಡಿನ ಮರುಪಾವತಿಗೆ ಗ್ರಾಹಕರಿಗೆ ಹೇಳಿದ ದಿನಾಂಕವಿರುತ್ತದೆ. ಅದು ಗಡುವಿನ ಕಾರ್ಡ್, ಆ ದಿನಕ್ಕೆ ಮುಂಚೆ ಮುಗಿಯುವಂತೆ ಶುರುಮಾಡಿದರೆ ಆಯಿತು. ತುರ್ತು ಕಾರ್ಡಿನ ಮೇಲೆ ರಕ್ತ ನಿಲ್ಲಿಸುವಷ್ಟನ್ನೇ ಬರೆಯುವುದು ಈ ಪದ್ಧತಿಯಲ್ಲಿ ಅತ್ಯಂತ ಬೆಲೆಬಾಳುವ ಅಭ್ಯಾಸ ಎಂದು ನಾನು ನಂಬಿದ್ದೇನೆ. ಎರಡು ದಿನದ ಅಡಚಣೆ ಎರಡು ಗಂಟೆಗೆ ಇಳಿಯುತ್ತದೆ.

ಬೋರ್ಡಿನ ಮೇಲೆ ಕಾಣದ ತುರ್ತು ಎಷ್ಟು ದುಬಾರಿ ಎಂಬುದಕ್ಕೆ ನಮ್ಮ ಪಕ್ಕದ ಹೈದರಾಬಾದಿನಲ್ಲೇ ಒಂದು ಉದಾಹರಣೆಯಿದೆ. 2004ರಲ್ಲಿ ಮೈಕ್ರೋಸಾಫ್ಟ್ ತನ್ನ ಒಳಬಳಕೆಯ ಸಾಫ್ಟ್‌ವೇರ್‌ಗಳ ದುರಸ್ತಿ ಮತ್ತು ಸಣ್ಣ ಬದಲಾವಣೆಗಳನ್ನು ಅಲ್ಲಿನ ತಂಡವೊಂದಕ್ಕೆ ವಹಿಸಿತ್ತು. ಮೂವರು ಡೆವಲಪರ್‌ಗಳು, ಮೂವರು ಟೆಸ್ಟರ್‌ಗಳು. ಒಂದು ವಿನಂತಿ ಮುಗಿಯಲು ಸುಮಾರು ಐದು ತಿಂಗಳು ಹಿಡಿಯುತ್ತಿತ್ತು. ವ್ಯವಸ್ಥಾಪಕರಾಗಿ ಬಂದ ಡ್ರಾಗೋಸ್ ಡುಮಿಟ್ರಿಯು, ಆಂಡರ್ಸನ್ ಜತೆ ಕೂತು ನೋಡಿದಾಗ ಕಾರಣ ಹೊರಬಿತ್ತು. ಯಾವುದೇ ವಿನಂತಿ ಬಂದರೂ 48 ಗಂಟೆಯೊಳಗೆ ಅಂದಾಜು ವೆಚ್ಚ ಕೊಡಬೇಕೆಂಬ ನಿಯಮವಿತ್ತು. ಹಾಗಾಗಿ ಪ್ರತಿ ಅಂದಾಜೂ ಒಂದು ತುರ್ತು ಕೆಲಸ, ಅದು ಬಂದಾಗಲೆಲ್ಲ ನಡೆಯುತ್ತಿದ್ದ ದುರಸ್ತಿ ನಿಲ್ಲಬೇಕು. ತಂಡದ ಮೂರನೇ ಒಂದು ಭಾಗದಷ್ಟು ಶಕ್ತಿ ಅಂದಾಜಿಗೇ ಹೋಗುತ್ತಿತ್ತು. ಅಂದಾಜು ನಿಲ್ಲಿಸಿದರು, ಕೈಯಲ್ಲಿರುವ ಕೆಲಸಕ್ಕೆ ಮಿತಿ ಹಾಕಿದರು. 2005ರ ಕೊನೆಯ ಹೊತ್ತಿಗೆ ಐದು ತಿಂಗಳು ಎರಡು ವಾರಕ್ಕೆ ಇಳಿದಿತ್ತು. ತಂಡಕ್ಕೆ ಇಬ್ಬರು ಸೇರಿದ್ದರು, ನಿಜ. ಆದರೆ ಅಷ್ಟರಿಂದಲೇ ಇಷ್ಟು ಆಗದು.

ಲೇನ್ ಎಳೆದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಅದು ಕೆಡುವ ದಾರಿ ಸಾಮಾನ್ಯವಾಗಿ ಒಂದೇ: ಒಂದು ಎಂಬ ಮಿತಿಯನ್ನು ಎರಡು ಮಾಡುವುದು, ಅಥವಾ ಲೇನಿನ ಹಿಂದೆ ‘ಇದಾದ ಮೇಲೆ ಇದು’ ಎಂದು ಸಾಲು ಕಟ್ಟುವುದು. ಸಾಲಿನಲ್ಲಿ ಕಾಯಲು ಪುರುಸೊತ್ತಿರುವ ಕೆಲಸ ತುರ್ತಾಗಿರಲಿಲ್ಲ. ಕೆಟ್ಟಿದೆಯೇ ಎಂದು ತಿಳಿಯಲು ಎರಡು ಸಂಗತಿ ಬರೆದಿಟ್ಟುಕೊಂಡರೆ ಸಾಕು. ತಿಂಗಳಲ್ಲಿ ಎಷ್ಟು ದಿನ ಲೇನ್ ಖಾಲಿಯಿತ್ತು, ‘ನಿಂತಿದೆ’ ಗುರುತಿನ ಕಾರ್ಡ್‌ಗಳು ಎಷ್ಟು ದಿನದಿಂದ ನಿಂತಿವೆ. ಆರೋಗ್ಯವಾಗಿರುವ ಲೇನ್ ಹೆಚ್ಚಿನ ದಿನ ಖಾಲಿ. ನಿಂತ ಕಾರ್ಡಿಗೆ ವಾರವಾದರೆ ಅದರ ಬದಲು ಯಾರೋ ಹೊಸತನ್ನು ಹಿಡಿದಿದ್ದಾರೆ ಎಂದೇ ತಿಳಿಯಬೇಕು.

ನಿಜವಾದ ಅವಘಡ ಎರಡು ಒಟ್ಟಿಗೆ ಬಂದರೆ? ಯಾವುದರ ಹಾನಿ ವೇಗವಾಗಿ ಬೆಳೆಯುತ್ತಿದೆಯೋ ಅದು ಮೊದಲು ಎಂದು ಅದೇ ಇಬ್ಬರು ತೀರ್ಮಾನಿಸಬೇಕು, ಇನ್ನೊಂದು ಕೆಲವು ಗಂಟೆ ಕಾಯಬೇಕು. ಅಪರೂಪಕ್ಕೆ ಹೀಗಾದರೆ ಲೇನ್ ತಡೆದುಕೊಳ್ಳುತ್ತದೆ. ಆದರೆ ವಾರದ ಐದು ದಿನದಲ್ಲಿ ಮೂರು ದಿನ ಅದು ತುಂಬಿಯೇ ಇದ್ದರೆ, ಅಂಥ ಕೆಲಸ ಆ ತಂಡದ ಮಾಮೂಲಿ ಕೆಲಸವೇ ಆಗಿಹೋಗಿದೆ. ಅಲ್ಲಿ ಅಡಚಣೆಯ ನಿಯಮ ನಡೆಯದು. ವಾರಕ್ಕೊಬ್ಬರಂತೆ ಸರದಿಯಲ್ಲಿ ಒಬ್ಬ ಡೆವಲಪರನ್ನು ಪ್ರೊಡಕ್ಷನ್ ದೋಷಗಳಿಗೇ ಮೀಸಲಿಡಬೇಕು, ಕೋಡಿಂಗ್ ಅಂಕಣದ ತಲೆಯ ಮೇಲಿನ 4ನ್ನು ಅಳಿಸಿ 3 ಎಂದು ಬರೆಯಬೇಕು. ಮಾಮೂಲಿ ಕೆಲಸ ವಾರಕ್ಕೆ ಐದರ ಬದಲು ನಾಲ್ಕೇ ಮುಗಿಯುತ್ತದೆ ಎಂದು ಕಾಯುತ್ತಿರುವವರಿಗೆ ಮುಂಚೆಯೇ ಹೇಳಬೇಕು. ದೋಷ ಬರದ ದಿನ ಆ ಮೀಸಲು ಡೆವಲಪರ್, ಹಿಂದಿನ ತುರ್ತು ಕಾರ್ಡ್‌ಗಳು ಬಿಟ್ಟುಹೋದ ಶಾಶ್ವತ ಪರಿಹಾರಗಳನ್ನು ಒಂದೊಂದಾಗಿ ಮುಗಿಸಬಹುದು.